ಸಂಘದ ಅಢಾವೆ ಪತ್ರಿಕೆ ಓದುವುದು: ಎರಡು ಭಾಗಾಕಾರದ ಲೆಕ್ಕ

(ಸಿರಸಂಗಿಯಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಮಾತು)



ಮಾರ್ಚ್ 31 ಆದಮೇಲೆ ಸಂಘದ ಲೆಕ್ಕ ಬರೆಯುವವರು ಒಂದು ಹಾಳೆ ತಂದು ಓದುತ್ತಾರೆ. ಅದೇ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್. "ಎರಡೂ ಕಡೆ ಮೊತ್ತ ಕೂಡಿತು" ಅಂತ ಹೇಳಿದ ಕೂಡಲೇ ನಾವು ಸಹಿ ಮಾಡಿ ಚಹಾ ಕುಡಿದು ಎದ್ದುಬಿಡುತ್ತೇವೆ. ಆದರೆ ಎರಡೂ ಕಡೆ ಮೊತ್ತ ಕೂಡಿತು ಅಂದರೆ ಬರೆದದ್ದು ಸರಿಯಾಗಿ ಕೂಡಿದ್ದಾರೆ ಅಂತ ಮಾತ್ರ ಅರ್ಥ. ಸಂಘ ಸಾಲ ತೀರಿಸುವ ಸ್ಥಿತಿಯಲ್ಲಿ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ. ಅದನ್ನು ನಾವೇ ಕೇಳಬೇಕು. ಕೇಳುವುದಕ್ಕೆ ಎರಡೇ ಭಾಗಾಕಾರ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ತಿಳಿಸುವುದಕ್ಕಾಗಿ ನಾನೇ ಕಟ್ಟಿದ ಲೆಕ್ಕ, ಯಾವ ಸಂಘದ್ದೂ ಅಲ್ಲ. ಹನ್ನೆರಡು ಜನ ಹೆಣ್ಣುಮಕ್ಕಳು ಸೇರಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಸಂತೆಗೆ ಒಯ್ಯುತ್ತಾರೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಒಯ್ಯುತ್ತಾರೆ, ಖಾನಾವಳಿಗಳಿಗೂ ಕೊಡುತ್ತಾರೆ. ಮಾರ್ಚ್ 31ಕ್ಕೆ ಅವರ ಹಾಳೆ ಹೀಗಿದೆ.

ಸಂಘದ ಹತ್ತಿರ ಇರುವುದು (ಆಸ್ತಿ):
ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ ರೊಕ್ಕ – 12,000
ಉದ್ರಿ ಬರಬೇಕಾದದ್ದು – 58,000
ಜೋಳ, ಶೇಂಗಾ, ತಯಾರಾದ ಮಾಲು – 50,000
ರೊಟ್ಟಿ ಮಷೀನು, ಗಿರಣಿ (ಸವಕಳಿ ಕಳೆದು) – 1,60,000
ಒಟ್ಟು – 2,80,000 ರೂಪಾಯಿ

ಆ ರೊಕ್ಕ ಬಂದದ್ದು ಎಲ್ಲಿಂದ:
ಸದಸ್ಯರ ಉಳಿತಾಯ (ತಲಾ 7,000) – 84,000
ಹಿಂದಿನ ವರ್ಷಗಳ ಲಾಭ ಕೂಡಿಟ್ಟದ್ದು – 16,000
ಮಷೀನಿಗಾಗಿ ಬ್ಯಾಂಕಿನ ಕಂತಿನ ಸಾಲ – 1,20,000
ಒಂದು ವರ್ಷದೊಳಗೆ ತೀರಿಸಬೇಕಾದ ಕೈಸಾಲ – 40,000
ಕಾಳಿನ ಅಂಗಡಿಗೆ ಕೊಡಬೇಕಾದ ಬಾಕಿ – 20,000
ಒಟ್ಟು – 2,80,000 ರೂಪಾಯಿ

ಮೊದಲನೇ ಪ್ರಶ್ನೆ: ಬರುವ ಹನ್ನೆರಡು ತಿಂಗಳಲ್ಲಿ ಕೊಡಬೇಕಾದದ್ದನ್ನು ಕೊಡಲು ನಮ್ಮಲ್ಲಿ ಆಗುತ್ತದೆಯೇ? ಇದಕ್ಕೆ ಚಾಲ್ತಿ ಅನುಪಾತ ಅನ್ನುತ್ತಾರೆ. ವರ್ಷದೊಳಗೆ ರೊಕ್ಕವಾಗಿ ಕೈಗೆ ಬರುವಂಥದ್ದು ಚಾಲ್ತಿ ಆಸ್ತಿ. ವರ್ಷದೊಳಗೆ ಕೊಡಲೇಬೇಕಾದದ್ದು ಚಾಲ್ತಿ ದೇಣೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು.

ಇಲ್ಲಿ ರೊಕ್ಕ, ಉದ್ರಿ, ಮಾಲು ಕೂಡಿದರೆ 1,20,000. ಕೈಸಾಲ ಮತ್ತು ಅಂಗಡಿ ಬಾಕಿ ಕೂಡಿದರೆ 60,000. ಭಾಗಿಸಿದರೆ 2. ಅಂದರೆ ಒಂದು ರೂಪಾಯಿ ಕೊಡಬೇಕಾದಲ್ಲಿ ಎರಡು ರೂಪಾಯಿ ಇದೆ. ಎರಡು ಇದ್ದರೆ ಚಲೋ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಎಲ್ಲರೂ ಖುಷಿಯಿಂದ ಚಪ್ಪಾಳೆ ಹೊಡೆಯಬಹುದು.

ಆದರೆ ಸ್ವಲ್ಪ ತಡೀರಿ. ಮಷೀನಿನ ಸಾಲ 1,20,000 ಇದೆಯಲ್ಲ, ಅದು ಹಲವು ವರ್ಷದ ಸಾಲ ಅಂತ ಪೂರ್ತಿ ಬದಿಗಿಟ್ಟೆವು. ಅದರ ಕಂತು ತಿಂಗಳಿಗೆ ಅಸಲು 3,000 ಇದೆ ಅನ್ನೋಣ. ಹಾಗಾದರೆ ಈ ವರ್ಷವೇ 36,000 ಕಟ್ಟಬೇಕು. ಅದೂ ಚಾಲ್ತಿ ದೇಣೆಯೇ. ನಮ್ಮ ಲೆಕ್ಕಗಳಲ್ಲಿ ಬಹಳ ಸಲ ಬಿಟ್ಟುಹೋಗುವುದು ಇದೇ. ಅದನ್ನು ಸೇರಿಸಿದರೆ ದೇಣೆ 96,000 ಆಗುತ್ತದೆ. 1,20,000ವನ್ನು 96,000ದಿಂದ ಭಾಗಿಸಿದರೆ 1.25. ಎರಡು ಇದ್ದದ್ದು ಒಂದೂಕಾಲಿಗೆ ಇಳಿಯಿತು. ಸಂಘ ಏನೂ ಕಳೆದುಕೊಂಡಿಲ್ಲ, ನಾವು ಲೆಕ್ಕ ಸರಿಯಾಗಿ ಓದಿದೆವು ಅಷ್ಟೇ.

ಈಗ ಆಸ್ತಿಯ ಕಡೆ ನೋಡ್ರಿ. ಅಕ್ಕಿ ಹಸನು ಮಾಡುವ ಹಾಗೆ ಉದ್ರಿ ಮತ್ತು ಮಾಲನ್ನು ಹಸನು ಮಾಡಬೇಕು. ಉದ್ರಿ ಪುಸ್ತಕ ತೆಗೆದು ಪ್ರತಿ ಹೆಸರಿನ ಮುಂದೆ ಕೊನೆಯ ಸಲ ರೊಕ್ಕ ಬಂದ ತಾರೀಕು ಬರೆಯಿರಿ. 58,000ದಲ್ಲಿ 24,000 ಒಂದು ಖಾನಾವಳಿಯದು, ಆ ಖಾನಾವಳಿ ಮುಚ್ಚಿ ವರ್ಷವಾಗಿದೆ, ಮಾಲೀಕ ಊರಲ್ಲೇ ಇಲ್ಲ ಅನ್ನೋಣ. ಮಾಲಿನಲ್ಲಿ 6,000 ರೂಪಾಯಿಯ ಶೇಂಗಾ ಚಟ್ನಿ ಜಿಡ್ಡು ವಾಸನೆ ಬಂದು ಮಾರುವ ಹಾಗಿಲ್ಲ. ಎರಡೂ ಸೇರಿ 30,000 ಹಾಳೆಯ ಮೇಲೆ ಮಾತ್ರ ಇದೆ, ಕೈಗೆ ಬರುವುದಿಲ್ಲ. ಉಳಿದದ್ದು 90,000. ಕೊಡಬೇಕಾದದ್ದು 96,000. ಭಾಗಿಸಿದರೆ 0.94. ಒಂದಕ್ಕಿಂತ ಕಡಿಮೆ. ಬರಬೇಕಾದ ಉದ್ರಿಯೆಲ್ಲ ಬಂದರೂ, ಇದ್ದ ಮಾಲೆಲ್ಲ ಮಾರಿದರೂ 6,000 ಕಡಿಮೆ ಬೀಳುತ್ತದೆ.

ಮೊದಲು ಓದಿದ ಎರಡು ಈಗ ಒಂದರ ಕೆಳಗೆ ಬಂತು. ಅದಕ್ಕೇ ನಾನು ಹೇಳುವುದು, ಅನುಪಾತ ಎಷ್ಟು ಅಂತ ಕೇಳುವುದಕ್ಕಿಂತ ಮೊದಲು ಅದರೊಳಗೆ ಏನೇನು ಸೇರಿಸಿದ್ದೀರಿ ಅಂತ ಕೇಳಬೇಕು. ವರ್ಷದಿಂದ ವರ್ಷಕ್ಕೆ ಉದ್ರಿ ಮತ್ತು ಮಾಲು ಹೆಚ್ಚುತ್ತಾ, ಕೈಯಲ್ಲಿನ ರೊಕ್ಕ ಕಡಿಮೆಯಾಗುತ್ತಾ ಬಂದರೆ, ಅನುಪಾತ ಎಷ್ಟೇ ಚಂದ ಕಂಡರೂ ಸಂಶಯ ಪಡಿರಿ. ಎಲ್ಲಮ್ಮನ ಜಾತ್ರೆ ಮುಗಿದ ಮೇಲೆ ರೊಕ್ಕ ತುಂಬಿರುತ್ತದೆ, ಜೋಳ ಖರೀದಿ ಮಾಡಿದ ಮೇಲೆ ಖಾಲಿಯಾಗಿರುತ್ತದೆ. ಹಾಗಾಗಿ ಒಂದು ದಿನದ ಹಾಳೆಯನ್ನೇ ನಂಬದೆ ಪ್ರತಿ ವರ್ಷ ಅದೇ ತಾರೀಕಿನ ಲೆಕ್ಕವನ್ನು ಹೋಲಿಸಿ ನೋಡಬೇಕು.

ಎರಡನೇ ಪ್ರಶ್ನೆ: ಈ ಸಂಘ ನಿಂತಿರುವುದು ಯಾರ ರೊಕ್ಕದ ಮೇಲೆ? ಇದಕ್ಕೆ ಸಾಲ-ಬಂಡವಾಳ ಅನುಪಾತ ಅನ್ನುತ್ತಾರೆ. ಹೊರಗಿನವರಿಗೆ ಕೊಡಬೇಕಾದದ್ದನ್ನೆಲ್ಲ ಕೂಡಿ ನಮ್ಮ ಸ್ವಂತ ಬಂಡವಾಳದಿಂದ ಭಾಗಿಸಬೇಕು. ಕೆಲವರು ಹಲವು ವರ್ಷದ ಸಾಲವನ್ನಷ್ಟೇ ಹಿಡಿಯುತ್ತಾರೆ. ಆಗ ಉತ್ತರ ಚಿಕ್ಕದಾಗಿ ಕಾಣುತ್ತದೆ. ಯಾವ ರೀತಿ ಮಾಡಿದ್ದೀರಿ ಅಂತ ಕೇಳಿರಿ. ನಾವು ಎಲ್ಲವನ್ನೂ ಹಿಡಿಯೋಣ.

ಹಾಳೆಯ ಪ್ರಕಾರ ಸಾಲ 1,80,000, ಸ್ವಂತದ್ದು 1,00,000. ಅನುಪಾತ 1.8. ಆದರೆ ಆಗಲೇ ಕಳೆದುಹೋದ 30,000 ಯಾರ ತಲೆಯ ಮೇಲೆ ಬೀಳುತ್ತದೆ? ಬ್ಯಾಂಕು ತನ್ನ ಸಾಲದಲ್ಲಿ ಬಿಡುವುದಿಲ್ಲ, ಅಂಗಡಿಯವರೂ ಬಿಡುವುದಿಲ್ಲ. ಅದು ನಮ್ಮ ಸ್ವಂತ ರೊಕ್ಕದಲ್ಲೇ ಕಳೆಯುತ್ತದೆ. ಕೂಡಿಟ್ಟ ಲಾಭ 16,000 ಪೂರ್ತಿ ಹೋಗಿ, ನಿಮ್ಮ ಉಳಿತಾಯದೊಳಗೂ 14,000 ಹೋಗುತ್ತದೆ. ಸ್ವಂತದ್ದು 70,000 ಉಳಿಯಿತು. ಈಗ ಅನುಪಾತ 2.57. ಒಂದು ಕೆಟ್ಟ ಉದ್ರಿ ಎರಡೂ ಅನುಪಾತವನ್ನು ಕೆಡಿಸುತ್ತದೆ ಅನ್ನುವುದು ಇಲ್ಲಿ ತಿಳಿಯುತ್ತದೆ.

ಈ ಎರಡನೇ ಲೆಕ್ಕ ನಿಮಗೆ ಹೊಸದಲ್ಲ. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿದಾಗ, ಸಂಘದ ಉಳಿತಾಯದ ಒಂದರಿಂದ ನಾಲ್ಕು ಪಟ್ಟು ಸಾಲ ಕೊಡುವ ಪದ್ಧತಿ ಬಂತು. ನಾಲ್ಕು ಪಟ್ಟು ಅಂದರೆ ಇದೇ ಅನುಪಾತ. ಈಗ ಕೆಲವು ಯೋಜನೆಗಳಲ್ಲಿ ಅದಕ್ಕಿಂತ ಹೆಚ್ಚೂ ಸಿಗುತ್ತದೆ. ಆದರೆ ಅದು ಬ್ಯಾಂಕು ಎಷ್ಟರ ತನಕ ಕೊಡಬಹುದು ಅನ್ನುವ ಮಿತಿ. ನಿಮ್ಮ ವ್ಯಾಪಾರ ಎಷ್ಟು ಹೊರಬಲ್ಲದು ಅನ್ನುವ ಮಿತಿ ಬೇರೆ.

ಇನ್ನೊಂದು ಸೂಕ್ಷ್ಮ ಇದೆ. ಸದಸ್ಯರ ಉಳಿತಾಯವನ್ನು ಸ್ವಂತ ಬಂಡವಾಳ ಅಂದೆವು. ಆದರೆ ಸದಸ್ಯೆ ಸಂಘ ಬಿಟ್ಟರೆ ಅದನ್ನು ವಾಪಸ್ ಕೊಡಬೇಕಲ್ಲ? ಇಬ್ಬರು ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾರೆ, ತಮ್ಮ 14,000 ಕೇಳುತ್ತಾರೆ ಅನ್ನೋಣ. ಕೇಳಿದ ದಿನವೇ ಅದು ಬಂಡವಾಳದಿಂದ ದೇಣೆಯ ಕಡೆ ಹೋಗುತ್ತದೆ. ಸಾಲ 1,94,000, ಸ್ವಂತದ್ದು 56,000, ಅನುಪಾತ ಸುಮಾರು ಮೂರೂವರೆ. ಕೈಯಲ್ಲಿರುವುದು 12,000 ಮಾತ್ರ. ಮೀಸಲು ನಿಧಿ ಹಾಗಲ್ಲ. ಸಂಘದ ನಿಯಮದಲ್ಲಿ ಹಾಗೆ ಬರೆದಿದ್ದರೆ ಅದನ್ನು ಯಾರೂ ಒಯ್ಯುವಂತಿಲ್ಲ. ಅದಕ್ಕೇ ಲಾಭವನ್ನೆಲ್ಲ ಹಂಚಿಕೊಳ್ಳಬೇಡಿರಿ ಅಂತ ಹೇಳುವುದು.

ಸ್ವಂತ ಬಂಡವಾಳ ಪೂರ್ತಿ ಕರಗಿದರೆ ಏನಾಗುತ್ತದೆ? ದೊಡ್ಡವರ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಕಿಂಗ್‌ಫಿಶರ್ ವಿಮಾನ ಕಂಪನಿ 2005ರಲ್ಲಿ ಹಾರಾಟ ಶುರು ಮಾಡಿತು. ವರ್ಷ ವರ್ಷದ ನಷ್ಟ ಅದರ ಸ್ವಂತ ಬಂಡವಾಳವನ್ನು ತಿಂದು, ಬಂಡವಾಳ ಸೊನ್ನೆಗಿಂತ ಕೆಳಗೆ ಹೋಯಿತು. ವಿಮಾನಗಳು ಆಮೇಲೂ ಕೆಲವು ಕಾಲ ಹಾರುತ್ತಲೇ ಇದ್ದವು, ಬ್ಯಾಂಕಿನ ಸಾಲದ ಮೇಲೆ. ಕೊನೆಗೆ ನೌಕರರಿಗೆ ಪಗಾರ ಕೊಡಲಾಗದೆ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. ಬಾಗಿಲು ಮುಚ್ಚುವ ಮುಂಚೆಯೇ ಹಾಳೆ ಅದನ್ನು ಹೇಳುತ್ತಿತ್ತು. ಬಂಡವಾಳ ಸೊನ್ನೆಗಿಂತ ಕೆಳಗೆ ಹೋದಾಗ ಭಾಗಾಕಾರ ಮಾಡಬಾರದು, ಉತ್ತರಕ್ಕೆ ಅರ್ಥ ಇರುವುದಿಲ್ಲ. ಇದ್ದದ್ದೆಲ್ಲ ಸಾಲ ಕೊಟ್ಟವರದ್ದೇ, ಅದೂ ಸಾಲದು ಅಂತ ತಿಳಿಯಬೇಕು.

ನಮ್ಮ ರೊಟ್ಟಿ ಸಂಘ ಆ ಸ್ಥಿತಿಗೆ ಬಂದಿದೆಯೇ? ಹಸನು ಮಾಡಿದ ಮೇಲೆ ಆಸ್ತಿ 2,50,000, ಸಾಲ 1,80,000. ಇನ್ನೂ 70,000 ಹೆಚ್ಚಿಗೆ ಇದೆ. ಹಾಗಾಗಿ ಮುಳುಗಿಲ್ಲ. ಆದರೆ ಅದರ ರೊಕ್ಕ ಮಷೀನಿನಲ್ಲಿ ಕುಳಿತಿದೆ, ಮಷೀನು ಬಿಚ್ಚಿ ಕಂತು ಕಟ್ಟಲಾಗದು. ಹಳೇ ಮಷೀನು ಮಾರಲು ಹೋದರೆ ಹಾಳೆಯಲ್ಲಿರುವ 1,60,000 ಯಾರೂ ಕೊಡುವುದಿಲ್ಲ. 80,000 ಬಂತು ಅನ್ನಿ, ಆಗ ಒಟ್ಟು ಆಸ್ತಿ 1,70,000, ಸಾಲಕ್ಕೇ 10,000 ಕಡಿಮೆ. ನಡೆಯುತ್ತಿದ್ದರೆ ಸಂಘ ಉಳಿಯುತ್ತದೆ, ನಿಂತರೆ ಮುಳುಗುತ್ತದೆ.

ಇಂಥ ಹೊತ್ತಿನಲ್ಲಿ ಮನಸ್ಸಿಗೆ ಮೊದಲು ಬರುವುದು ಇನ್ನೊಂದು ಫೈನಾನ್ಸಿನಿಂದ ವರ್ಷದ ಸಾಲ ತರುವುದು. 30,000 ತಂದು ನೋಡೋಣ. ಕೈಯಲ್ಲಿ ರೊಕ್ಕ ಬಂತು, ಚಾಲ್ತಿ ಆಸ್ತಿ 1,20,000. ಆದರೆ ದೇಣೆಯೂ 1,26,000 ಆಯಿತು. ಅನುಪಾತ 0.95. ಮೊದಲು 0.94 ಇತ್ತು! ಸಾಲ-ಬಂಡವಾಳ ಅನುಪಾತ ಮಾತ್ರ 2.57ರಿಂದ 3ಕ್ಕೆ ಏರಿತು. ಬಡ್ಡಿ ಬೇರೆ. ಒಂದೆರಡು ತಿಂಗಳು ಉಸಿರು ಸಿಗುತ್ತದೆ, ಆಮೇಲೆ ಕುತ್ತಿಗೆಗೆ ಬರುತ್ತದೆ.

ಅದರ ಬದಲು ಕಂತು ತಪ್ಪುವ ಮುಂಚೆ ಇದೇ ಹಾಳೆ ಹಿಡಿದು ಬ್ಯಾಂಕಿಗೆ ಹೋಗಿ, ಮಷೀನಿನ ಸಾಲದ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಲು ಕೇಳಬಹುದು. ವರ್ಷಕ್ಕೆ 36,000 ಬದಲು 18,000 ಆದರೆ ದೇಣೆ 78,000, ಚಾಲ್ತಿ ಅನುಪಾತ 1.15. ಈ ವರ್ಷ ದಾಟುತ್ತದೆ. ಬ್ಯಾಂಕು ಒಪ್ಪಲೇಬೇಕು ಅಂತ ಇಲ್ಲ, ಒಪ್ಪಿದರೂ ಒಟ್ಟು ಬಡ್ಡಿ ಹೆಚ್ಚಾಗುತ್ತದೆ. ಎರಡನೇ ಅನುಪಾತ 2.57 ಹಾಗೇ ಉಳಿಯುತ್ತದೆ. ಅದು ಇಳಿಯಬೇಕಾದರೆ ಸಾಲ ತೀರಿಸಬೇಕು, ಇಲ್ಲವೇ ಸ್ವಂತ ಬಂಡವಾಳ ಬೆಳೆಸಬೇಕು: ಲಾಭ ಮಾಡಿ ಸಂಘದಲ್ಲೇ ಬಿಡುವುದು, ಇಲ್ಲವೇ ಸದಸ್ಯರು ಇನ್ನಷ್ಟು ಹಾಕುವುದು. ಉದ್ರಿ ಕೊಡುವುದಕ್ಕೆ ಮಿತಿ ಹಾಕದಿದ್ದರೆ ಆ ಲಾಭವೂ ಮತ್ತೆ ಯಾವುದೋ ಖಾನಾವಳಿಯ ಹೆಸರಿನಲ್ಲಿ ಕೂತುಬಿಡುತ್ತದೆ.

ಮುಂದಿನ ಸಭೆಗೆ ನಿಮ್ಮ ಸಂಘದ ಅಢಾವೆ ಪತ್ರಿಕೆ ಮತ್ತು ಉದ್ರಿ ಪುಸ್ತಕ ಎರಡನ್ನೂ ತನ್ನಿರಿ. ಒಂದನ್ನು ಬಿಟ್ಟು ಒಂದು ತಂದರೆ ಲೆಕ್ಕ ಆಗುವುದಿಲ್ಲ. ಈ ವರ್ಷದ ಕಂತು ಎಷ್ಟು ಅಂತ ಬ್ಯಾಂಕಿನಲ್ಲಿ ಕೇಳಿ ಬರೆದುಕೊಂಡು ಬರ್ರಿ. ಎಲ್ಲರೂ ಕೂತು ನಾವೇ ಭಾಗಿಸಿ ನೋಡೋಣ. ದೇವರು ನಿಮ್ಮ ದುಡಿಮೆಯನ್ನು ಆಶೀರ್ವದಿಸಲಿ.