ಸಹಿ ಹಾಕುವ ಕೈಗೊಂದು ಪೀಠಿಕೆ

(ಬೆಳಕೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ನಾಟಕ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಈ ಸೀಮೆಯಲ್ಲಿ ಯಕ್ಷಗಾನ ನೋಡದೆ ಬೆಳೆದವರು ಕಡಿಮೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಮೊದಲು ಪೀಠಿಕೆ ಹೇಳುತ್ತಾನೆ. ತಾನು ಯಾರು, ಇಲ್ಲಿಯವರೆಗೆ ಏನು ನಡೆಯಿತು, ಈಗ ಮನಸ್ಸಿನಲ್ಲೇನಿದೆ ಎಂದು ವಿವರಿಸುತ್ತಾನೆ. ಅದನ್ನು ಕೇಳಿದ ಮೇಲೆ ಕೌರವ ಸಂಧಿಗೆ ಒಪ್ಪದಿದ್ದರೆ ನಮಗೆ ಆಶ್ಚರ್ಯವಾಗುವುದಿಲ್ಲ. ನಮ್ಮದು ಹದಿನೈದು ನಿಮಿಷದ ನಾಟಕ. ಅದರಲ್ಲಿ ಪೀಠಿಕೆಗೆ ಸಮಯವಿಲ್ಲ. ಆದರೆ ಪೀಠಿಕೆಯಿಲ್ಲದೆ ಪಾತ್ರ ನಿಲ್ಲುವುದೂ ಇಲ್ಲ. ಹಾಗಾಗಿ ಅದನ್ನು ತಾಲೀಮಿನಲ್ಲೇ ಬರೆದು, ರಂಗದ ಮೇಲೆ ಹೇಳದೆ ತೋರಿಸಬೇಕು. ಪಾತ್ರದ ಜೀವನಚರಿತ್ರೆ ಎಂದು ನಾನು ಕರೆಯುವುದು ಇದನ್ನೇ.

ಒಂದು ಕಥೆಯನ್ನೇ ಹಿಡಿದು ಕೆಲಸ ಮಾಡೋಣ. ಪಾತ್ರಕ್ಕೆ ನಾಗವೇಣಿ ಎಂದು ಹೆಸರಿಡೋಣ. ಮದುವೆಯಲ್ಲಿ ಮಾತಾದ ವರದಕ್ಷಿಣೆ ಪೂರ್ತಿ ಬಂದಿಲ್ಲವೆಂದು ಗಂಡ ಹೊಡೆಯುತ್ತಾನೆ. ತವರಿನಲ್ಲಿ ಇನ್ನು ಕೊಡಲು ಏನೂ ಇಲ್ಲ. "ಹಾಗಾದರೆ ಸಂಘದಿಂದ ನಿನ್ನ ಹೆಸರಲ್ಲಿ ಐವತ್ತು ಸಾವಿರ ಸಾಲ ತೆಗೆದುಕೊಡು" ಎನ್ನುತ್ತಾನೆ. ಕೊನೆಯ ದೃಶ್ಯದಲ್ಲಿ ಅವಳು ಸಂಘದ ಸಭೆಯಲ್ಲಿ ಎದ್ದು ನಿಂತು, "ನಾನು ಸಹಿ ಹಾಕುವುದಿಲ್ಲ" ಎಂದು ದೊಡ್ಡ ಭಾಷಣ ಮಾಡುತ್ತಾಳೆ. ನೋಡುವವರು ಚಪ್ಪಾಳೆ ತಟ್ಟಬಹುದು, ಆದರೆ ಮನೆಗೆ ಹೋಗುವ ದಾರಿಯಲ್ಲಿ ಕೇಳುತ್ತಾರೆ: ನಾಲ್ಕು ವರ್ಷ ಸುಮ್ಮನಿದ್ದವಳಿಗೆ ಇವತ್ತೇ ಈ ಧೈರ್ಯ ಎಲ್ಲಿಂದ ಬಂತು?

ಈ ಪ್ರಶ್ನೆಗೆ ಭಾಷಣ ಉತ್ತರವಲ್ಲ. ಉತ್ತರ ನಾಗವೇಣಿಯ ಹಿಂದಿನ ಬದುಕಿನಲ್ಲಿರಬೇಕು. ಅದಕ್ಕಾಗಿ ನಾವು ಕೊನೆಯಿಂದ ಹಿಂದಕ್ಕೆ ಹೋಗುತ್ತೇವೆ. ಮೊದಲು ಅವಳ ತೀರ್ಮಾನವನ್ನು ಒಂದೇ ಸಾಲಿನಲ್ಲಿ ಬರೆಯಿರಿ: "ನಾಗವೇಣಿ ಸಾಲದ ಕಾಗದಕ್ಕೆ ಸಹಿ ಹಾಕುವುದಿಲ್ಲ." ಅದರ ಕೆಳಗೆ ಗೆರೆ ಎಳೆದು ಎರಡು ಪಟ್ಟಿ ಮಾಡಿ. ಒಂದು ಕಡೆ, ಸಹಿ ಹಾಕಿಬಿಡು ಎಂದು ಅವಳನ್ನು ಎಳೆಯುವ ಸಂಗತಿಗಳು. ಇನ್ನೊಂದು ಕಡೆ, ಬೇಡ ಎಂದು ತಡೆಯುವ ಸಂಗತಿಗಳು. ಎರಡೂ ಕಡೆ ಸರಿಸಮ ಭಾರವಿರಬೇಕು. ಒಂದು ಕಡೆ ಬರಿದಾದರೆ ಅವಳಿಗೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ.

ಪಟ್ಟಿ ತುಂಬಲು ಮೂರು ಬಗೆಯ ಪ್ರಶ್ನೆಗಳಿವೆ. ಹಂಗೇರಿ ಮೂಲದ ಲಾಜೋಸ್ ಎಗ್ರಿ ನಾಟಕ ಬರೆಯುವವರಿಗಾಗಿ 1946ರ ತಮ್ಮ ಪುಸ್ತಕದಲ್ಲಿ ಇವನ್ನು ದೇಹ, ಸಮಾಜ, ಮನಸ್ಸು ಎಂದು ವಿಂಗಡಿಸಿದ್ದಾರೆ. ದೇಹವೆಂದರೆ ವಯಸ್ಸು, ಆರೋಗ್ಯ, ಎಲ್ಲಿ ನೋವಿದೆ ಎಂಬುದು. ಸಮಾಜವೆಂದರೆ ಓದು, ದುಡಿಮೆ, ಕೈಯಲ್ಲಿರುವ ದುಡ್ಡು, ತವರು. ಮನಸ್ಸೆಂದರೆ ಯಾವುದಕ್ಕೆ ಹೆದರುತ್ತಾಳೆ, ಯಾವುದಕ್ಕೆ ನಾಚುತ್ತಾಳೆ, ಯಾವುದರಲ್ಲಿ ಅವಳಿಗೆ ಹೆಮ್ಮೆ ಎಂಬುದು. ಒಂದೊಂದು ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಸಾಕು. ಆದರೆ "ಬಡವಳು", "ಒಳ್ಳೆಯವಳು" ಎಂಬ ಉತ್ತರಗಳನ್ನು ಒಪ್ಪಬೇಡಿ. ಎಷ್ಟು, ಯಾವಾಗ, ಯಾರ ಎದುರು ಎಂದು ಕೇಳಿ.

ನಾಗವೇಣಿಗೆ ಇಪ್ಪತ್ತಾರು ವರ್ಷ. ಹತ್ತನೆಯ ತರಗತಿ ಮುಗಿಸಿದ್ದಾಳೆ. ಬೆಳಗಾಗುವ ಮುಂಚೆ ಎದ್ದು ಮಲ್ಲಿಗೆ ಕೊಯ್ದು, ಕಟ್ಟಿ ಮಾರಲು ಕೊಡುತ್ತಾಳೆ. ವಾರದ ಉಳಿತಾಯ ಕಟ್ಟುವುದು ಆ ದುಡ್ಡಿನಿಂದ. ತವರಿನಲ್ಲಿ ಮದುವೆಯಾಗದ ತಂಗಿ ಇದ್ದಾಳೆ. "ನೀನು ತಿರುಗಿ ಬಂದರೆ ಅವಳಿಗೆ ಗಂಡು ಸಿಗುವುದಿಲ್ಲ" ಎಂದು ಅಮ್ಮ ಒಮ್ಮೆ ಹೇಳಿದ್ದಾಳೆ. ಇಷ್ಟು ಕಾಲ ಅವಳು ಯಾಕೆ ಸುಮ್ಮನಿದ್ದಳು ಎಂಬುದಕ್ಕೆ ಉತ್ತರ ಇಲ್ಲಿದೆ. ಸಹಿ ಹಾಕು ಎಂದು ಎಳೆಯುವ ಭಾರವೂ ಇದೇ.

ತಡೆಯುವ ಭಾರ ಯಾವುದು? ಎರಡು ವರ್ಷದ ಹಿಂದೆ ಗಂಡ ಅವಳ ಎರಡು ಬಳೆಗಳನ್ನು ಅಡವಿಟ್ಟ. ಕಾಗದದಲ್ಲಿ ಏನಿದೆಯೆಂದು ಓದದೆ ಅವಳು ಸಹಿ ಹಾಕಿದಳು. ಬಳೆ ಮತ್ತೆ ಬರಲಿಲ್ಲ. ಅಡವಿನ ಚೀಟಿ ಇನ್ನೂ ಅಕ್ಕಿ ಡಬ್ಬಿಯ ತಳದಲ್ಲಿದೆ. ಈಗ ಸಂಘದ ಠರಾವು ಪುಸ್ತಕ ಬರೆಯುವವಳು ಅವಳೇ. ಒಬ್ಬಳ ಕಂತು ತಪ್ಪಿದರೆ ಉಳಿದವರ ಸಾಲಕ್ಕೂ ತೊಡಕಾಗುತ್ತದೆ ಎಂದು ಅವಳಿಗೆ ಗೊತ್ತು. ಹೊಡೆತ ಮಾತ್ರವೇ ಹಿಂಸೆಯಲ್ಲ ಎಂಬುದನ್ನೂ ಈ ಬಳೆಗಳು ತೋರಿಸುತ್ತವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೆಣ್ಣಿನ ಸ್ತ್ರೀಧನವನ್ನು ಕಿತ್ತುಕೊಳ್ಳುವುದನ್ನೂ ಆರ್ಥಿಕ ಹಿಂಸೆಯೆಂದೇ ಎಣಿಸುತ್ತದೆ.

ಪಟ್ಟಿ ಆದ ಮೇಲೆ ಕುರ್ಚಿಯ ಆಟ. ಪಾತ್ರ ಮಾಡುವವಳು ನಾಗವೇಣಿಯಾಗಿ ಕುರ್ಚಿಯಲ್ಲಿ ಕೂರಲಿ, ಉಳಿದವರು ಹತ್ತು ನಿಮಿಷ ಪ್ರಶ್ನೆ ಕೇಳಲಿ. ಅವಳು "ನಾನು" ಎಂದೇ ಉತ್ತರಿಸಬೇಕು. ಯಾರೂ ಅವಳಿಗೆ ಬುದ್ಧಿ ಹೇಳಬಾರದು. "ಚೀಟಿಯನ್ನು ಯಾಕೆ ಹರಿದು ಬಿಸಾಡಲಿಲ್ಲ?" ಎಂದು ಒಬ್ಬರು ಕೇಳಿದಾಗ ಅವಳು ತಡವರಿಸಿದರೆ, ಆ ಜಾಗ ಇನ್ನೂ ಖಾಲಿ ಇದೆ ಎಂದು ತಿಳಿಯಿರಿ. "ಅವರು ಬಳೆ ತಂದುಕೊಡುತ್ತಾರೆ ಅಂದುಕೊಂಡಿದ್ದೆ" ಎಂಬ ಉತ್ತರ ಬಂದರೆ ಅವಳ ಆಸೆಯೂ ನಮಗೆ ಗೊತ್ತಾಯಿತು. ಗಂಡನ ಪಾತ್ರ ಮಾಡುವವಳನ್ನೂ ಹೀಗೇ ಕೂರಿಸಿ. ಅವನಿಗೆ ಯಾರ ಬಾಕಿ ಇದೆ ಎಂದು ತಿಳಿಯದಿದ್ದರೆ ಅವನು ಬರೀ ಕೂಗುವ ರಾಕ್ಷಸನಾಗುತ್ತಾನೆ.

ಇಲ್ಲೊಂದು ಎಚ್ಚರಿಕೆ ಬೇಕು. ಕುರ್ಚಿಯಲ್ಲಿ ಕುಳಿತವಳು ತನ್ನ ಸ್ವಂತ ಮನೆಯ ಕಥೆ ಹೇಳತೊಡಗಿದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ. ಅದನ್ನು ಬೇರೆ ಕೂತು ಕೇಳಬೇಕು, ನಾಟಕದಲ್ಲಿ ಹಾಕಬಾರದು. ಊರಿನ ಯಾವುದೋ ಮನೆಯ ಗುರುತು ಸಿಗುವಂತೆಯೂ ಬರೆಯಬೇಡಿ. ನಾಟಕ ಮುಗಿದ ಮೇಲೆ ಏಟು ಬೀಳುವುದು ಆ ಮನೆಯವಳಿಗೆ. ಆಟ ಮುಗಿದಾಗ ಪ್ರತಿಯೊಬ್ಬರೂ ತಮ್ಮ ನಿಜವಾದ ಹೆಸರು ಹೇಳಿ ಕುರ್ಚಿಯಿಂದ ಏಳಲಿ.

ಬರೆದದ್ದೆಲ್ಲ ರಂಗಕ್ಕೆ ಬರಬೇಕಾಗಿಲ್ಲ. ಇಪ್ಪತ್ತು ಸಂಗತಿಗಳಲ್ಲಿ ಮೂರನ್ನು ಆರಿಸಿ, ಅವೂ ವಸ್ತುವಾಗಿ ಇಲ್ಲವೇ ಕೆಲಸವಾಗಿ ಕಾಣಲಿ. ಮೊದಲ ದೃಶ್ಯದಲ್ಲಿ ನಾಗವೇಣಿ ಅಕ್ಕಿ ಅಳೆಯುವಾಗ ಚೀಟಿ ಕೈಗೆ ಸಿಗುತ್ತದೆ, ನೋಡಿ ಮತ್ತೆ ಒಳಗಿಡುತ್ತಾಳೆ. ಎರಡನೆಯ ದೃಶ್ಯದಲ್ಲಿ ಸಂಘದ ಇನ್ನೊಬ್ಬಳು ಓದದೆ ಸಹಿ ಹಾಕಲು ಹೊರಟಾಗ "ಮೊದಲು ಓದಕ್ಕಾ" ಎನ್ನುತ್ತಾಳೆ. ಕೊನೆಯಲ್ಲಿ ಅವಳ ಮುಂದೆ ಕಾಗದ ಬರುತ್ತದೆ. ಅವಳು ಸಾವಕಾಶವಾಗಿ ಪೂರ್ತಿ ಓದಿ, ಪೆನ್ನಿನ ಮುಚ್ಚಳ ಹಾಕುತ್ತಾಳೆ. ಈಗ ಭಾಷಣ ಬೇಕಾಗಿಲ್ಲ.

ಇಬ್ಸೆನ್ 1879ರಲ್ಲಿ ಬರೆದ 'ಗೊಂಬೆಮನೆ' ನಾಟಕದಲ್ಲೂ ಸಹಿಯೇ ಗಂಟು. ನೋರಾ ಗಂಡನ ಪ್ರಾಣ ಉಳಿಸಲು ತಂದೆಯ ಸಹಿಯನ್ನು ತಾನೇ ಹಾಕಿ ಸಾಲ ಮಾಡಿದ್ದಾಳೆ. ಮನೆಖರ್ಚಿನಲ್ಲಿ ಉಳಿಸಿ, ರಾತ್ರಿ ಕೂತು ನಕಲು ಬರೆದು ಗುಟ್ಟಾಗಿ ತೀರಿಸುತ್ತಿದ್ದಾಳೆ. ಇದು ನಮಗೆ ಮೊದಲ ಅಂಕದಲ್ಲೇ ತಿಳಿಯುತ್ತದೆ. ಹೊರಗೆ ಗೊಂಬೆಯಂತೆ ಕಂಡರೂ ಅವಳು ದುಡಿಯಬಲ್ಲವಳು ಎಂದು ಗೊತ್ತಿರುವುದರಿಂದ ಕೊನೆಯಲ್ಲಿ ಮನೆ ಬಿಟ್ಟು ಹೋಗುವುದನ್ನು ನಂಬುತ್ತೇವೆ. ಜರ್ಮನಿಯಲ್ಲಿ ಒಬ್ಬ ನಟಿ, ತಾನಾದರೆ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದಾಗ ಇಬ್ಸೆನ್ ಮನಸ್ಸಿಲ್ಲದೆ ಬೇರೆ ಮುಕ್ತಾಯ ಬರೆದುಕೊಟ್ಟರು. ಅದರಲ್ಲಿ ನೋರಾ ಮಲಗಿದ ಮಕ್ಕಳನ್ನು ನೋಡಿ ಉಳಿದುಬಿಡುತ್ತಾಳೆ. ಎಳೆಯುವ ಭಾರ ಅಷ್ಟು ನಿಜವಾಗಿತ್ತು. ಆ ಭಾರ ಇದ್ದುದರಿಂದಲೇ ಅವಳ ಹೋಗುವಿಕೆಗೂ ಬೆಲೆ.

ಕೆಲಸ ಸರಿಯಾಯಿತೇ ಎಂದು ನೋಡಲು ಒಂದು ದಾರಿಯಿದೆ. ತಾಲೀಮಿಗೆ ಹೊಸಬರನ್ನು ಕರೆದು, ಕಾಗದ ಮುಂದೆ ಬಂದ ಗಳಿಗೆಯಲ್ಲಿ ನಾಟಕ ನಿಲ್ಲಿಸಿ. ಇವಳೇನು ಮಾಡುತ್ತಾಳೆ ಎಂದು ಕೇಳಿ. ಎಲ್ಲರೂ ಒಂದೇ ಉತ್ತರ ಕೊಟ್ಟರೆ ಎಳೆಯುವ ಭಾರ ಸಾಲದು. ಕೊನೆ ನೋಡಿದ ಮೇಲೆ "ಇದು ಎಲ್ಲಿಂದ ಬಂತು?" ಎಂದರೆ ತಡೆಯುವ ಭಾರ ರಂಗದ ಮೇಲೆ ಕಾಣಲಿಲ್ಲ. ಅವರವರಲ್ಲೇ ವಾದ ಹುಟ್ಟಿ, ಕೊನೆಗೆ "ಹೌದು, ಆ ಚೀಟಿ ಇಟ್ಟುಕೊಂಡವಳಲ್ಲವೇ" ಎಂದು ಯಾರಾದರೂ ಅಂದರೆ ನಿಮ್ಮ ನಾಗವೇಣಿ ನಿಂತಳು.

ಈಗ ನಾಲ್ಕು ನಾಲ್ಕು ಜನ ಸೇರಿ ಒಂದೊಂದು ಕುರ್ಚಿ ಹಾಕಿಕೊಳ್ಳಿ. ಮೊದಲ ಪ್ರಶ್ನೆ ನಾನೇ ಕೊಡುತ್ತೇನೆ: "ನಾಗವೇಣಿ, ನೀನು ಓದದೆ ಸಹಿ ಹಾಕಿದ ದಿನ ನಿನ್ನ ಪಕ್ಕದಲ್ಲಿ ಯಾರು ನಿಂತಿದ್ದರು?"