ಸಹಿಗೆ ಮುಂಚೆ ನಾಲ್ಕು ಲೆಕ್ಕ



"ಇದು ಸರಿ, ಅದು ತಪ್ಪು" ಅಂತ ನಾವು ದಿನಾ ಮಾತಾಡ್ತೇವೆ. ಆದರೆ ಯಾವ ಲೆಕ್ಕದಲ್ಲಿ ಸರಿ? ಲೆಕ್ಕಗಳು ನಾಲ್ಕು ಇವೆ.

ನಾಲ್ಕು ಮಂದಿ ಮುಂದೆ ಹೆಂಗ ನಡೆದುಕೊಳ್ಳಬೇಕು ಅನ್ನೋದು ಶಿಷ್ಟಾಚಾರ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಹಿರಿಯರಿಂದ ಬಂದ ನಂಬಿಕೆ ಊರ ನೀತಿ. ಸರಕಾರ ಬರೆದಿಟ್ಟ ನಿಯಮ ಕಾನೂನು. ಈ ಮೂರನ್ನೂ ಮುಂದಿಟ್ಟುಕೊಂಡು "ಇದರಿಂದ ಯಾರಿಗೆ ಅನ್ಯಾಯ?" ಅಂತ ನಾವೇ ಯೋಚಿಸಿ ತೀರ್ಮಾನಿಸುವುದು ನೀತಿ ವಿಚಾರ.

ಬಹಳ ಸಲ ನಾಲ್ಕೂ ಒಂದೇ ಮಾತು ಹೇಳುತ್ತವೆ. ಕಳವು ಮಾಡಬೇಡ ಅಂತ ನಾಲ್ಕೂ ಹೇಳುತ್ತವೆ. ಆದರೆ ಹೆಣ್ಣುಮಗಳ ಪಾಲಿನ ಮಾತು ಬಂದಾಗ ನಾಲ್ಕೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ನಮ್ಮ ತಿಳವಳ್ಳಿಯಲ್ಲಿ ಒಂದು ಮನೆ ಇದೆ ಅಂತ ತಿಳಿಯೋಣ. ಹಿರಿಯರಿಂದ ಬಂದ ಆರು ಎಕರೆ ಹೊಲ. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ಈಗ ತಂದೆಯೂ ಇಲ್ಲ. ಮೃತ್ಯುಪತ್ರ ಬರೆದಿಟ್ಟಿಲ್ಲ. ಒಬ್ಬ ಅಣ್ಣ, ಇಬ್ಬರು ತಂಗಿಯರು. ಇಬ್ಬರಿಗೂ ಮದುವೆಯಾಗಿದೆ.

ನಾಗರ ಪಂಚಮಿಗೆ ಅಣ್ಣ ತಂಗಿಯರನ್ನು ಕರೆತರುತ್ತಾನೆ. ಉಂಡಿ ತಿನ್ನಿಸಿ, ಸೀರೆ-ಕುಬಸ ಕೊಟ್ಟು, ಒಂದು ಕಾಗದ ಮುಂದಿಡುತ್ತಾನೆ. "ಇಲ್ಲೊಂದು ಸಹಿ ಮಾಡವ್ವಾ."

ಶಿಷ್ಟಾಚಾರ ಏನು ಹೇಳುತ್ತದೆ? "ಅಣ್ಣನ ಕಾಗದ ಓದಿ ನೋಡಬ್ಯಾಡ, ಅವನಿಗೆ ಅವಮಾನ." ಊರ ನೀತಿ ಏನು ಹೇಳುತ್ತದೆ? "ಪಾಲು ಕೇಳಿದರ ತವರು ತಪ್ಪುತ್ತದ. ಮದುವಿಗೆ ಖರ್ಚು ಮಾಡ್ಯಾರ, ಅದ ನಿನ್ನ ಪಾಲು."

ಕಾನೂನು ಹಾಗೆ ಹೇಳುವುದಿಲ್ಲ. ಮಗಳಿಗೂ ಮಗನಷ್ಟೇ ಪಾಲು. ಇಲ್ಲಿ ತಲೆಗೆ ಎರಡು ಎಕರೆ. ಮದುವೆಯ ಖರ್ಚನ್ನು ಪಾಲಿನಲ್ಲಿ ಕಳೆಯುವುದಿಲ್ಲ. ಕಾನೂನೂ ಮೊದಲಿನಿಂದ ಹೀಗೇ ಇರಲಿಲ್ಲ. 1994ರಲ್ಲಿ ಕರ್ನಾಟಕ ಸರಕಾರ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರಿಗೆ ಕೊಡಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ದೇಶದ ಕಾನೂನು ಆ ಭೇದ ತೆಗೆದುಹಾಕಿತು. ಆ ದಿನಕ್ಕೆ ತಂದೆ ಬದುಕಿರದಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ರಿಜಿಸ್ಟರ್ ಆದ ವಾಟ್ನಿಯನ್ನು ಈ ಕಾನೂನು ಕೆದಕುವುದಿಲ್ಲ. ಇದು ಹಿಂದೂ, ಜೈನ, ಬೌದ್ಧ, ಸಿಖ್ ಮನೆಗಳಿಗೆ ಅನ್ವಯಿಸುವ ಕಾನೂನು. ಮುಸಲ್ಮಾನ, ಕ್ರೈಸ್ತ ಮನೆಗಳಿಗೆ ಬೇರೆ ನಿಯಮಗಳಿವೆ.

ಹಾಗಾದರೆ ಕಾನೂನು ಹೇಳಿದ್ದೇ ಪೂರ್ತಿ ನ್ಯಾಯವೇ? ಇಲ್ಲಿ ನೀತಿ ವಿಚಾರ ಬೇಕಾಗುತ್ತದೆ. ತಂದೆಯ ಆಸ್ಪತ್ರೆ ಖರ್ಚಿಗೆ ಅಣ್ಣ ಒಬ್ಬನೇ ಒಂದೂವರೆ ಲಕ್ಷ ಸಾಲ ಮಾಡಿದ್ದಾನೆ ಅನ್ನೋಣ. ಎಂಟು ವರ್ಷ ತಂದೆಯನ್ನು ನೋಡಿಕೊಂಡಿದ್ದಾನೆ. ಹೊಲದ ಪಾಲು ಹಾಕುವಾಗ ಯಾರು ಸೇವೆ ಮಾಡಿದರು ಅಂತ ಕಾನೂನು ಕೇಳುವುದಿಲ್ಲ. ಆದರೆ ತಂಗಿಯರು ಕೇಳಿಕೊಳ್ಳಬೇಕು. ಸಾಲ ಮೂವರಲ್ಲಿ ಹಂಚಿದರೆ ತಲೆಗೆ ಐವತ್ತು ಸಾವಿರ. ಎರಡು ಎಕರೆ ತಗೊಂಡು ಐವತ್ತು ಸಾವಿರ ಕೊಡುವುದು ನ್ಯಾಯ ಅಂತ ನಮಗೆ ಕಾಣುತ್ತದೆ.

ಅಣ್ಣನೂ ಕೇಳಿಕೊಳ್ಳಬೇಕು. ಕಾಗದದಲ್ಲಿ ಏನಿದೆ ಅಂತ ಹೇಳದೆ ಸಹಿ ಹಾಕಿಸಿದರೆ ಅದು ಮೋಸ. ಸೀರೆ ಕೊಟ್ಟ ಮಾತ್ರಕ್ಕೆ ಮೋಸ ಮರ್ಯಾದೆ ಆಗುವುದಿಲ್ಲ.

ದೊಡ್ಡ ತಂಗಿ ಅನುಕೂಲಸ್ಥಳು. ಎಲ್ಲಾ ತಿಳಿದುಕೊಂಡು "ನನ್ನ ಪಾಲು ಅಣ್ಣನಿಗಿರಲಿ" ಅಂದರೆ ಕಾನೂನು ಬೇಡ ಅನ್ನುವುದಿಲ್ಲ. ಸಣ್ಣ ತಂಗಿ ಗಂಡನನ್ನು ಕಳೆದುಕೊಂಡು ಕೂಲಿ ಮಾಡುತ್ತಾಳೆ. ಅವಳು ಪಾಲು ಕೇಳಿದರೆ ಊರು ಆಡಿಕೊಂಡೀತು. ಅವಳು ಕೇಳುವುದರಲ್ಲಿ ತಪ್ಪಿಲ್ಲ.

ಈಗ ಓದು ಬಲ್ಲ ನಾವು ಕಾಗದದಲ್ಲಿ ಮೂರು ಮಾತು ಹುಡುಕಬೇಕು. ತಲೆಬರಹದಲ್ಲಿ "ಹಕ್ಕು ಬಿಡುಗಡೆ ಪತ್ರ" ಅಂತ ಇದೆಯೇ? ಹೊಲದ ಸರ್ವೆ ನಂಬರ್ ಯಾವುದು? ಎಷ್ಟು ಎಕರೆ, ಎಷ್ಟು ಗುಂಟೆ? ಖಾಲಿ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬಾರದು.

ಹೊಲದ ಹಕ್ಕು ಬಿಟ್ಟುಕೊಡುವ ಪತ್ರ ಉಪನೋಂದಣಿ ಕಚೇರಿಯಲ್ಲಿ ರಿಜಿಸ್ಟರ್ ಆಗಬೇಕು. ಅಲ್ಲಿ ಅಧಿಕಾರಿ "ಇದು ನಿಮ್ಮ ಸಹಿಯೇ?" ಅಂತ ಕೇಳುತ್ತಾರೆ. ತಿಳಿಯದಿದ್ದರೆ "ಓದಿ ಹೇಳ್ರಿ" ಅನ್ನಲು ಅದೇ ಹೊತ್ತು. ಉತಾರದಲ್ಲಿ ಅಣ್ಣನ ಹೆಸರು ಒಂದೇ ಇದ್ದರೆ ಹೆದರಬೇಕಿಲ್ಲ. ಉತಾರದಲ್ಲಿ ಹೆಸರು ಇಲ್ಲದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ಆದರೆ ರಿಜಿಸ್ಟರ್ ಆದ ಬಿಡುಗಡೆ ಪತ್ರವನ್ನು ಮುರಿಯುವುದು ಕಷ್ಟ. ಮೋಸದಿಂದ ಬರೆಸಿಕೊಂಡಿದ್ದರೆ, ಅದು ತಿಳಿದ ದಿನದಿಂದ ಮೂರು ವರ್ಷದೊಳಗೆ ಸಿವಿಲ್ ಕೋರ್ಟಿಗೆ ಹೋಗಬೇಕು. ಮೋಸವಾಯಿತು ಅಂತ ಸಾಕ್ಷಿ ಕೊಡುವ ಹೊಣೆಯೂ ನಮ್ಮ ಮೇಲೇ ಬೀಳುತ್ತದೆ.

ಅದಕ್ಕೇ ಅಣ್ಣ ಕಾಗದ ಮುಂದಿಟ್ಟಾಗ "ತಡಿ ಅಣ್ಣಾ, ಓದಿ ನೋಡ್ತೀನಿ" ಅಂತ ಸಮಾಧಾನದಿಂದ ಹೇಳೋಣ. ಹಂಗ ಹೇಳಿದರೆ ಶಿಷ್ಟಾಚಾರವೂ ಕೆಡುವುದಿಲ್ಲ.