ಕಾರ್ಗಿಲ್ ಯಾವ ಲೆಕ್ಕಕ್ಕೆ?

ಪ್ರಜಾಪ್ರಭುತ್ವ ದೇಶಗಳು ಪರಸ್ಪರ ಯುದ್ಧ ಮಾಡುವುದಿಲ್ಲ ಎಂಬ ವಾದವೇ ಇವತ್ತಿನ ವಿಷಯ. ಸರ್ವಾಧಿಕಾರಿಗಳ ಮೇಲೆ ಅವು ಧಾರಾಳವಾಗಿಯೇ ಯುದ್ಧಕ್ಕೆ ಹೋಗಿವೆ. ವಾದ ಇರುವುದು ಅವುಗಳ ನಡುವಿನ ಯುದ್ಧದ ಬಗ್ಗೆ ಮಾತ್ರ. 1795ರಲ್ಲಿ ಕಾಂಟ್ ಇದರ ಬೀಜ ಬಿತ್ತಿದ. ಯುದ್ಧದ ಖರ್ಚು, ಸಾವು ಎರಡನ್ನೂ ಹೊರಬೇಕಾದ ಪ್ರಜೆಗಳ ಒಪ್ಪಿಗೆ ಕೇಳಿದರೆ ಅವರು ಸುಲಭಕ್ಕೆ ಹೂಂ ಅನ್ನುವುದಿಲ್ಲ ಎಂಬುದು ಅವನ ತರ್ಕ. 1983ರಲ್ಲಿ ಸಂಶೋಧಕ ಮೈಕೆಲ್ ಡಾಯ್ಲ್ ಸುಮಾರು ಎರಡು ಶತಮಾನಗಳ ಯುದ್ಧಗಳನ್ನು ಮುಂದಿಟ್ಟುಕೊಂಡು ನೋಡಿದರೆ, ಉದಾರವಾದಿ ದೇಶಗಳ ನಡುವೆ ಯುದ್ಧ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಪುರಾವೆ ಬಲವಾದದ್ದೇ. ಆದರೆ ಲೆಕ್ಕ ಹಾಕುವುದು ಹೇಗೆ? ಸಂಶೋಧಕರು ಸಾಮಾನ್ಯವಾಗಿ ಕನಿಷ್ಠ 1,000 ಸೈನಿಕರು ಸತ್ತ ಕಾದಾಟವನ್ನಷ್ಟೇ ಯುದ್ಧ ಎನ್ನುತ್ತಾರೆ. 'ಪಾಲಿಟಿ' ಎಂಬ ದತ್ತಾಂಶ ಸಂಗ್ರಹ ಪ್ರತಿ ದೇಶಕ್ಕೆ ವರ್ಷಕ್ಕೊಂದರಂತೆ -10ರಿಂದ 10ರವರೆಗೆ ಅಂಕ ಕೊಡುತ್ತದೆ. 6 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪ್ರಜಾಪ್ರಭುತ್ವ ಎಂಬುದು ರೂಢಿ.

ಈಗ 1999ಕ್ಕೆ ಬನ್ನಿ. ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದರು. ಮೇ ತಿಂಗಳಿಂದ ಜುಲೈವರೆಗೆ ಕಾರ್ಗಿಲ್ ಬೆಟ್ಟಗಳಲ್ಲಿ ಕಾಳಗ. ಭಾರತದ ಕಡೆಯೇ 527 ಯೋಧರು ಹುತಾತ್ಮರಾದರು. ಪಾಕಿಸ್ತಾನದ ಸಾವನ್ನೂ ಸೇರಿಸಿದರೆ ಸಾವಿರದ ಗಡಿ ದಾಟುತ್ತದೆಂದು ಯುದ್ಧಗಳ ಪ್ರಮುಖ ಪಟ್ಟಿ ಇದನ್ನು ಯುದ್ಧವೆಂದೇ ದಾಖಲಿಸಿದೆ. ಎರಡೂ ಕಡೆ ಚುನಾಯಿತ ಪ್ರಧಾನಿಗಳೇ ಇದ್ದರು. ಪಾಲಿಟಿಯಲ್ಲಿ ಹಿಂದಿನ ವರ್ಷ ಪಾಕಿಸ್ತಾನದ ಅಂಕ 7. ಆದರೆ 1999ರ ಸಾಲಿನಲ್ಲಿ -6! ಅಲ್ಲಿ ದಾಖಲಾಗುವುದು ಡಿಸೆಂಬರ್ 31ರಂದು ಇದ್ದ ಆಡಳಿತ. ಸೇನಾ ಮುಖ್ಯಸ್ಥ ಮುಷರಫ್ ಅಧಿಕಾರ ಕಿತ್ತುಕೊಂಡದ್ದು ಅಕ್ಟೋಬರ್ 12ರಂದು. ಆ ಸಾಲನ್ನು ಕಣ್ಣುಮುಚ್ಚಿ ಓದಿದವರಿಗೆ, ಜುಲೈನಲ್ಲಿ ಮುಗಿದ ಯುದ್ಧ ಸರ್ವಾಧಿಕಾರದ ಖಾತೆಗೆ ಹೋಗಿಬಿಡುತ್ತದೆ.

ಸಿದ್ಧಾಂತದ ಪರ ಇರುವವರು ಇಲ್ಲಿ ಬೇರೊಂದು ಉತ್ತರ ಕೊಡುತ್ತಾರೆ. ಸೇನೆ ಚುನಾಯಿತ ಸರ್ಕಾರದ ಅಂಕೆಯಲ್ಲೇ ಇರಲಿಲ್ಲ, ತನಗೆ ಕಾರ್ಯಾಚರಣೆಯ ಪೂರ್ತಿ ವಿಷಯ ತಿಳಿಸಿರಲಿಲ್ಲ ಎಂದು ಆಗ ಪಾಕಿಸ್ತಾನದ ಪ್ರಧಾನಿಯಾಗಿದ್ದ ನವಾಜ್ ಷರೀಫರೇ ಆಮೇಲೆ ಹೇಳಿಕೊಂಡರು; ಹಾಗಿದ್ದ ಮೇಲೆ ಅದನ್ನು ಪ್ರಜಾಪ್ರಭುತ್ವ ಎನ್ನುವುದು ಹೇಗೆ? (ಷರೀಫರ ಈ ಮಾತನ್ನು ಮುಷರಫ್ ಅಲ್ಲಗಳೆದರು.) ಉತ್ತರದಲ್ಲಿ ಹುರುಳಿದೆ. ಆದರೆ ಯುದ್ಧ ನಡೆದ ಮೇಲೆ ಪ್ರಜಾಪ್ರಭುತ್ವದ ವ್ಯಾಖ್ಯೆ ಬಿಗಿ ಮಾಡುತ್ತ ಹೋದರೆ ಸಿದ್ಧಾಂತ ಸೋಲುವುದೇ ಇಲ್ಲ. ನನಗೆ ಇದೇ ದೊಡ್ಡ ತೊಡಕಾಗಿ ಕಾಣುತ್ತದೆ.

ಇನ್ನೊಂದು ಆಕ್ಷೇಪ ಸಂಶೋಧಕರಾದ ಫಾರ್ಬರ್ ಮತ್ತು ಗೋವಾ ಅವರದು. 1914ಕ್ಕಿಂತ ಮುಂಚಿನ ಅಂಕಿಅಂಶದಲ್ಲಿ ಪ್ರಜಾಪ್ರಭುತ್ವಗಳ ನಡುವಿನ ಈ ಶಾಂತಿ ಸ್ಪಷ್ಟವಾಗಿ ಕಾಣುವುದಿಲ್ಲ. 1945ರ ನಂತರ ಕಾಣುವುದಕ್ಕೆ ಸೋವಿಯತ್ ಒಕ್ಕೂಟದ ಭಯವೇ ಕಾರಣ, ಮತಪೆಟ್ಟಿಗೆಯಲ್ಲ ಎಂದು ಅವರು ವಾದಿಸಿದರು.

ಮ್ಯಾನ್ಸ್‌ಫೀಲ್ಡ್ ಮತ್ತು ಸ್ನೈಡರ್ 1995ರಲ್ಲಿ ಹೇಳಿದ್ದು ಕಾರ್ಗಿಲ್‌ಗೆ ಇನ್ನೂ ಹತ್ತಿರದ್ದು. ಬೇರೂರಿದ ಪ್ರಜಾಪ್ರಭುತ್ವಗಳು ಶಾಂತವಾಗಿರಬಹುದು. ಚುನಾವಣೆ ಬಂದರೂ ಸೇನೆ, ಹಳೆಯ ಅಧಿಕಾರವರ್ಗ ಇನ್ನೂ ಕೈಬಿಡದ ದೇಶಗಳಲ್ಲಿ ಯುದ್ಧದ ಸಂಭವ ಹೆಚ್ಚು ಎಂಬುದು ಅವರ ವಾದ.